ಮರ ಅಡ್ಡ ಬಂದಿದೆ ಕಣಮ್ಮ

ನಮ್ಮ ಕಸುಬಿನವರ ಬಾಯಲ್ಲಿ ಮೂರು ಉತ್ತರ ಯಾವಾಗಲೂ ಸಿದ್ಧವಾಗಿರುತ್ತವೆ. ನೆಟ್ ನಿಧಾನ ಅಂತ ಫೋನ್ ಬಂದರೆ ಒಂದೋ ಮಳೆ, ಇಲ್ಲ ಕೋತಿ, ಇಲ್ಲ ಮರ. ಮಳೆ ಬಂದಿಲ್ಲದಿದ್ದರೆ ಕೋತಿ ಡಿಶ್ ಅಲ್ಲಾಡಿಸಿರಬೇಕು. ಕೋತಿಯನ್ನು ಯಾರೂ ನೋಡಿಲ್ಲ ಅಂದರೆ ಮರ. ಮರ ಇಲ್ಲದ ಊರು ಮಳವಳ್ಳಿ ತಾಲ್ಲೂಕಿನಲ್ಲಿ ಎಲ್ಲಿದೆ ಹೇಳಿ? ಕೋತಿ, ಮಳೆಗಿಂತ ಮರವೇ ವಾಸಿ, ಯಾಕೆಂದರೆ ಅದು ನಿಂತಲ್ಲೇ ನಿಂತಿರುತ್ತದೆ, ಎದುರು ಮಾತಾಡುವುದಿಲ್ಲ. ಮದ್ದೂರಿನ ಆಫೀಸಿನಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡು ಕೂತು, ನೋಡದ ಊರಿನ ನೋಡದ ಮರಗಳ ಮೇಲೆ ನಾನು ಎಷ್ಟು ದೂರು ಹೊರಿಸಿದ್ದೇನೋ ನನಗೇ ಗೊತ್ತಿಲ್ಲ.

ಸುಳ್ಳು ಪೂರ್ತಿ ಸುಳ್ಳೂ ಅಲ್ಲ, ಅದೇ ಅದರ ಅನುಕೂಲ. ಕೇಬಲ್ ಹೋಗದ ಊರುಗಳಿಗೆ ನಾವು ಗಾಳಿಯಲ್ಲಿ ನೆಟ್ ಕೊಡುತ್ತೇವೆ. ದಿಬ್ಬದ ಮೇಲೆ ನಮ್ಮದೊಂದು ಟವರ್. ಮನೆಯ ತಾರಸಿ ಮೇಲೆ ಒಂದು ಕಬ್ಬಿಣದ ಪೈಪು, ಅದಕ್ಕೊಂದು ಊಟದ ತಟ್ಟೆಯಂಥ ಡಿಶ್. ಅದೂ ಇದೂ ಮುಖ ಮುಖ ನೋಡಬೇಕು. ನಡುವೆ ದಟ್ಟ ಮರ ಬಂದರೆ ಸಿಗ್ನಲ್ ಕುಗ್ಗುತ್ತದೆ. ಎಲೆ ಉದುರಿದ ಮರಕ್ಕಿಂತ ಚಿಗುರಿದ ಮರ ಹೆಚ್ಚು ತಿನ್ನುತ್ತದೆ, ಮಳೆಯಲ್ಲಿ ತೊಯ್ದ ಮರ ಇನ್ನೂ ಹೆಚ್ಚು. ಇದನ್ನೆಲ್ಲ ಫೋನಿನಲ್ಲಿ ನಾಲ್ಕು ಮಾತಿನಲ್ಲಿ ಹೇಳಿದರೆ ಎಂಥ ಜಗಳಗಂಟನೂ ತೆಪ್ಪಗಾಗುತ್ತಾನೆ. ಹೀಗೇ ನಡೆದುಕೊಂಡು ಹೋಗುತ್ತಿತ್ತು. ಪೂರಿಗಾಲಿಯಿಂದಾಚೆ ಒಂದು ಹಳ್ಳಿಯ ಹೆಣ್ಣುಮಗಳು ನನ್ನ ಮಾತನ್ನು ನಂಬುವವರೆಗೂ ನಡೆಯಿತು.

ಅವಳು ಮೊದಲು ಮದ್ದೂರಿನ ಕಡೆ ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು. ಬೆಳಗ್ಗೆ ಆರಕ್ಕೆಲ್ಲ ಬಸ್ಸು, ಸಂಜೆ ಏಳಕ್ಕೆ ಮನೆ. ಬಟ್ಟೆಯ ದೂಳು ಎದೆಗೆ ಹೋಗಿ ಉಬ್ಬಸ ಹಿಡಿಯಿತು. ಡಾಕ್ಟರು ಒಂದೇ ಮಾತು ಹೇಳಿದ್ದರಂತೆ: ಆ ಕೆಲಸ ಬಿಡಬೇಕು, ಇಲ್ಲದಿದ್ದರೆ ಎದೆ ಕೈಬಿಡುತ್ತದೆ. ಗಂಡ ಅದೇ ಫ್ಯಾಕ್ಟರಿಯ ಬಸ್ಸಿನ ಡ್ರೈವರು. ಅವನೊಬ್ಬನ ದುಡಿಮೆಯಲ್ಲಿ ಮನೆ ನಡೆಯದು. ಅಷ್ಟರಲ್ಲಿ ಅವಳಿಗೆ ಹೇಗೋ ಮನೆಯಿಂದಲೇ ಮಾಡುವ ಕೆಲಸ ಸಿಕ್ಕಿತು. ಬೆಂಗಳೂರಿನ ಒಂದು ಆಸ್ಪತ್ರೆಗೆ ಫೋನ್ ಮಾಡುವವರಿಗೆ ಯಾವ ಡಾಕ್ಟರು ಎಷ್ಟು ಹೊತ್ತಿಗೆ ಸಿಗುತ್ತಾರೆ ಅಂತ ಹೇಳಿ ಚೀಟಿ ಬರೆಸುವ ಕೆಲಸ. ಫೋನೆಲ್ಲ ಇಂಟರ್ನೆಟ್ಟಿನ ಮೇಲೆ ಬರುತ್ತದೆ. ನೆಟ್ ಗಟ್ಟಿಯಾಗಿರಬೇಕು, ಅದೊಂದೇ ಷರತ್ತು. ಈ ಕೆಲಸ ನಿಂತರೆ ಅವಳಿಗಿದ್ದ ದಾರಿ ಮತ್ತೆ ಅದೇ ಬಸ್ಸು, ಅದೇ ದೂಳು. ಇದನ್ನು ಅವಳು ನನಗೆ ಮೊದಲ ದಿನವೇ ಹೇಳಿದ್ದಳು. ಗೊತ್ತಿರಲಿಲ್ಲ ಅಂತ ನಾನು ಜಾರಿಕೊಳ್ಳುವ ಹಾಗಿಲ್ಲ.

ಏಪ್ರಿಲ್‌ನ ಒಂದು ಮಧ್ಯಾಹ್ನ ಡಿಶ್ ಕೂರಿಸಲು ಹೋದೆ. ಕಾದ ತಾರಸಿ ಚಪ್ಪಲಿಯೊಳಗಿಂದ ಸುಡುತ್ತಿತ್ತು. ನಮ್ಮ ಟವರ್ ಇರುವ ದಿಕ್ಕು ಸುಮಾರಾಗಿ ಗೊತ್ತಿತ್ತು, ಆದರೆ ಬಿಸಿಲಿನ ಮಂಜಿನಲ್ಲಿ ಟವರ್ ಕಣ್ಣಿಗೆ ಕಾಣುತ್ತಿರಲಿಲ್ಲ. ಅಂದಾಜಿನಲ್ಲಿ ಡಿಶ್ ತಿರುಗಿಸಿ, ಅವಳ ಕೈಗೆ ನನ್ನ ಮೊಬೈಲ್ ಕೊಟ್ಟು, ತೆರೆಯ ಮೇಲೆ ಬರುವ ನಂಬರ್ ಓದಲು ಹೇಳಿದೆ. ಸಿಗ್ನಲ್ಲಿನ ನಂಬರು ಮೈನಸ್‌ನಲ್ಲಿ ಬರುತ್ತದೆ, ಮೈನಸ್ ಬಿಟ್ಟು ಓದಿದರೆ ಕಮ್ಮಿಯಾದಷ್ಟೂ ಒಳ್ಳೆಯದು. ಐವತ್ತೈದು ಅಂದರೆ ಭೇಷ್. ಎಂಬತ್ತು ಅಂದರೆ ಇದ್ದೂ ಇಲ್ಲದ ಹಾಗೆ.

"ಎಂಬತ್ನಾಕು... ಎಪ್ಪತ್ತೊಂಬತ್ತು... ಎಪ್ಪತ್ನಾಕು... ಎಪ್ಪತ್ತೊಂದು ಅಣ್ಣಾ... ಅಯ್ಯೋ, ಮತ್ತೆ ಎಪ್ಪತ್ತೇಳಾಯ್ತು."

ಒಂದು ಚೂರು ಹಿಂದಕ್ಕೆ ತಿರುಗಿಸಿ ಎಪ್ಪತ್ತೊಂದಕ್ಕೆ ನಿಲ್ಲಿಸಿ ಬೋಲ್ಟು ಬಿಗಿದೆ.

"ಇನ್ನೂ ಆ ಕಡೀಕ್ ತಿರುಗ್ಸಿ ನೋಡ್ಬೋದಲ್ವಾ ಅಣ್ಣಾ? ಇನ್ನೂ ಕಮ್ಮಿ ಆಗ್ಬೋದೇನೋ," ಎಂದಳು.

"ಇನ್ನೂರ್ ಮನೆ ಮೇಲೆ ಕೂರ್ಸಿವ್ನಿ ಕಣಮ್ಮ. ನೀನ್ ನಂಬರ್ ಓದು ಸಾಕು," ಅಂದೆ.

ಕಸುಬು ಗೊತ್ತಿದ್ದವನು ಮಾಡಬೇಕಾಗಿದ್ದು ಅವಳು ಹೇಳಿದ್ದನ್ನೇ. ಡಿಶ್ಶಿಗೆ ನೇರ ಮುಂದಕ್ಕೆ ಜೋರಾಗಿ ಕೇಳಿಸುತ್ತದೆ, ಆದರೆ ಪಕ್ಕಕ್ಕೂ ಒಂದೊಂದು ಕಳ್ಳಕಿವಿ ಇರುತ್ತದೆ. ಆ ಕಳ್ಳಕಿವಿಗೆ ಟವರ್ ಸಿಕ್ಕಿಕೊಂಡರೂ ನಂಬರು ಒಂದಿಷ್ಟು ಇಳಿದು ಮತ್ತೆ ಏರುತ್ತದೆ, ಅದೇ ಸರಿಯಾದ ಜಾಗ ಅನ್ನಿಸುತ್ತದೆ. ಅದಕ್ಕೇ ಎಡಗಡೆ ಕೊನೆಯಿಂದ ಬಲಗಡೆ ಕೊನೆಯವರೆಗೆ ಒಂದು ಸಲ ಪೂರ್ತಿ ತಿರುಗಿಸಿ, ಎಲ್ಲಕ್ಕಿಂತ ಒಳ್ಳೆಯ ನಂಬರ್ ಎಲ್ಲಿ ಬರುತ್ತದೋ ಅಲ್ಲಿ ಬಿಗಿಯಬೇಕು. ಐದು ನಿಮಿಷದ ಕೆಲಸ. ಅವತ್ತು ನನಗೆ ಇನ್ನೂ ಮೂರು ಮನೆ ಬಾಕಿ ಇತ್ತು, ಬಿಸಿಲಿಗೆ ತಲೆ ಸಿಡಿಯುತ್ತಿತ್ತು, ಮೊದಲು ಸಿಕ್ಕಿದ್ದಕ್ಕೇ ಬಿಗಿದು ಇಳಿದೆ. ಆ ದೂರಕ್ಕೆ ಎಪ್ಪತ್ತೊಂದು ಬರಬಾರದಿತ್ತು, ಐವತ್ತೈದರ ಆಸುಪಾಸು ಬರಬೇಕಿತ್ತು, ಅದೂ ಗೊತ್ತಿತ್ತು. ಡಿಶ್ಶಿನ ಮುಖದ ಮುಂದೆ, ಹಿತ್ತಿಲ ಮೂಲೆಯಲ್ಲಿ ಒಂದು ಹುಣಸೆಮರ ಕಾಣಿಸಿತು. ಓ, ಇದರಿಂದಲೇ ಅಂದುಕೊಂಡೆ. ಅಲ್ಲಿಗೆ ನನ್ನ ಮನಸ್ಸಿಗೆ ಸಮಾಧಾನವಾಯಿತು.

ಬೇಸಿಗೆ ಪೂರ್ತಿ ನೆಟ್ ಹೇಗೋ ಓಡಿತು. ಜೂನ್‌ನಲ್ಲಿ ಗಾಳಿ ಶುರುವಾಯಿತು, ಮಳೆ ಬಂತು, ಅವಳ ಫೋನೂ ಬಂತು. "ಅಣ್ಣಾ, ನಾ ಮಾತಾಡೋದು ಅವ್ರಿಗೆ ತುಂಡು ತುಂಡಾಗಿ ಕೇಳಿಸ್ತದಂತೆ. ಮಳೆ ಬಂದ್ರಂತೂ ಕಟ್ಟೇ ಆಯ್ತದೆ."

"ನಿಮ್ ಹಿತ್ಲಲ್ಲಿ ಉಣಸೆಮರ ಅದಲ್ಲ, ಅದು ಅಡ್ಡ ಬಂದದೆ ಕಣಮ್ಮ," ಎಂದೆ. "ಬ್ಯಾಸ್ಗೇಲಿ ಪರ್ವಾಗಿರ್ಲಿಲ್ಲ, ಈಗ ಚಿಗುರ್ಕಂಡ್ ತುಂಬ್ಕಂಡದೆ. ಮಳೇಲಿ ಎಲೆ ನೆಂದ್ರೆ ಮುಗೀತು."

ನಾನು ಆಗ ಮದ್ದೂರಿನಲ್ಲಿ ವಡೆ ತಿನ್ನುತ್ತಿದ್ದೆ. ಗಾಳಿಗೆ ಪೈಪು ಒಂಚೂರು ತಿರುಗಿರಬಹುದು, ಮೊದಲೇ ಓರೆಯಾಗಿದ್ದ ಡಿಶ್ ಇನ್ನೂ ಓರೆಯಾಗಿರಬಹುದು ಅಂತ ಹೊಳೆಯಲಿಲ್ಲವೇ ಅಂದರೆ, ಹೊಳೆಯುವಷ್ಟು ಯೋಚನೆಯನ್ನೇ ನಾನು ಮಾಡಲಿಲ್ಲ. ಎರಡನೇ ಸಲ ಫೋನ್ ಬಂದಾಗಲೂ ಅದೇ ಮಾತು. ಮೂರನೇ ಸಲಕ್ಕೆ ಆ ದಾರಿಯಲ್ಲಿ ಬೇರೆ ಕೆಲಸವಿತ್ತು ಅಂತ ಹೋದೆ. ಏಣಿ ಗಾಡಿಯಿಂದ ಇಳಿಸಲಿಲ್ಲ. ಹಿತ್ತಿಲಲ್ಲಿ ನಿಂತು, ಕತ್ತೆತ್ತಿ ಡಿಶ್ ನೋಡಿ, ಅದರ ಮುಖದ ನೇರಕ್ಕೆ ಬೆರಳು ಚಾಚಿದೆ. ಬೆರಳು ಹೋಗಿ ನಿಂತಿದ್ದು ಹುಣಸೆಮರದ ಮೇಲೆ. "ನೋಡಿ, ನೀವೇ ನೋಡಿ. ಇದಕ್ಕಿಂತ ಸಾಕ್ಷಿ ಬೇಕಾ? ಇದುನ್ನ ಕಡ್ಸುದ್ರೇನೇ ಸರಿಯಾಗೋದು."

ಡಿಶ್ಶನ್ನು ಮರದ ಕಡೆಗೆ ತಿರುಗಿಸಿದವನೇ ನಾನು. ಮರ ಅಡ್ಡ ಬಂದಿರಲಿಲ್ಲ, ನಾನೇ ಡಿಶ್ಶನ್ನು ಅದರ ಮುಂದೆ ತಂದು ನಿಲ್ಲಿಸಿದ್ದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಅವಳಾದರೂ ನೆಲಕ್ಕೆ ಗುದ್ದಲಿ ಹಾಕಿಸಿರಲಿಲ್ಲ.

ಅಷ್ಟು ಹೊತ್ತೂ ಹಿತ್ತಿಲ ಕಡೆಯ ಜಗುಲಿಯಲ್ಲಿ ಕೂತಿದ್ದ ಅವಳ ಅತ್ತೆ ನನ್ನ ಬೆರಳನ್ನೇ ನೋಡುತ್ತಿದ್ದಳು. ಗಿಡ್ಡನೆಯ, ಗಟ್ಟಿ ಮುದುಕಿ. ಎದ್ದು ಬಂದು ನನ್ನ ಕೈಯನ್ನು ಹಿಡಿದು ಕೆಳಕ್ಕಿಳಿಸಿದಳು.

"ಬೆರಳ್ ತೋರಿಸ್ಬ್ಯಾಡ ಕಣ್ಲಾ ಮಗ ಅದುಕ್ಕೆ," ಎಂದಳು.

ಮುದುಕಿಯ ತವರು ಕೊಕ್ಕರೆ ಬೆಳ್ಳೂರು. ಮದುವೆಯಾಗಿ ಬರುವಾಗ ಮಡಿಲಕ್ಕಿಯ ಜೊತೆ ತವರಿನ ಹುಣಸೆಬೀಜ ಕಟ್ಟಿಕೊಂಡು ಬಂದು ಹಿತ್ತಿಲಲ್ಲಿ ಹಾಕಿದ್ದಳಂತೆ. ಅವಳ ಊರಲ್ಲಿ ಹುಣಸೆಮರಗಳ ಮೇಲೆ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಅವನ್ನು ಹೆರಿಗೆಗೆ ಬಂದ ಮನೆಮಕ್ಕಳು ಅನ್ನುತ್ತಾರೆ. ಗಲೀಜು ಮಾಡಲಿ, ನಾರಲಿ, ರಾತ್ರಿಯೆಲ್ಲ ಕಿರುಚಲಿ, ಮರಕ್ಕೆ ಕೈಯಿಡುವುದಿಲ್ಲ. ಈ ಮುದುಕಿಯ ಮರಕ್ಕೆ ಒಂದೇ ಒಂದು ಕೊಕ್ಕರೆ ಗೂಡು ಕಟ್ಟಲು ಬಂದಿರಲಿಲ್ಲ. "ನಲವತ್ತೊರ್ಸದಿಂದ ಕಾಯ್ತಾವ್ನಿ. ಇವತ್ತಲ್ಲ ನಾಳೆ ಬತ್ತವೆ, ದಾರಿ ಗೊತ್ತಾಗ್ಬೇಕಲ್ಲ ಅವುಕ್ಕೆ," ಎಂದಳು. ಹುಚ್ಚುಮುದುಕಿ ಅಂತ ನಾನು ಒಳಗೇ ನಕ್ಕೆ.

"ಕಡ್ಯೋ ಮಾತು ಎತ್ಬ್ಯಾಡಿ ಈ ಮನೇಲಿ. ಉಣಸೆಮರ ಕಡ್ಯಾದು ಅಂದ್ರೆ ನಮ್ಮೂರಲ್ಲಿ ಬಸುರಿ ಒಟ್ಟೆಗೆ ಒದ್ದಂಗೆ," ಎಂದು ಒಳಗೆ ಹೋದಳು.

ಸೊಸೆ ನನ್ನ ಮುಂದೆಯೇ ಅವಳ ಬೆನ್ನಿಗೆ ಕೇಳುವ ಹಾಗೆ ಹೇಳಿದಳು. "ಬರ್ದಿರೋ ಹಕ್ಕಿಗೆ ಜಾಗ ಇಟ್ಕಂಡ್ ಕೂತ್ಕಳಿ. ಇರೋ ಸೊಸೆ ಎದೆ ಒಡ್ಕಂಡ್ ಸಾಯ್ಲಿ."

ಆಮೇಲಿನ ಮೂರು ತಿಂಗಳು ಆ ಮನೆಯಲ್ಲಿ ಏನು ನಡೆಯಿತು ಅನ್ನುವುದು ಅವಳ ಫೋನುಗಳಲ್ಲೇ ನನಗೆ ಗೊತ್ತಾಗುತ್ತಿತ್ತು. ಅತ್ತೆ ಸೊಸೆ ಮಾತು ಬಿಟ್ಟಿದ್ದಾರೆ. ಸೊಸೆ ಪ್ರತ್ಯೇಕ ಅಡುಗೆ ಮಾಡುತ್ತಿದ್ದಾಳೆ. ಗಂಡ ಮನೆಗೆ ಬರುವುದನ್ನೇ ತಡ ಮಾಡುತ್ತಿದ್ದಾನೆ. ಆಸ್ಪತ್ರೆಯವರು ಒಂದು ಸಲ ಎಚ್ಚರಿಕೆ ಕೊಟ್ಟರು, ಎರಡನೇ ಸಲ ಕೊಟ್ಟರು. ಫೋನ್ ಮಾಡಿದ ರೋಗಿಗಳು "ಏನಮ್ಮ ಬಾವಿಯೊಳಗಿಂದ ಮಾತಾಡ್ತೀಯಾ" ಅಂತ ಬೈದು ಇಟ್ಟುಬಿಡುತ್ತಿದ್ದರಂತೆ. ಒಂದು ದಿನ ಅವಳು ಅಳುತ್ತಾ ಹೇಳಿದಳು: "ಇವತ್ತು ಅತ್ತೆಗೆ ಅಂದ್ಬುಟ್ಟೆ ಅಣ್ಣಾ. ನಿಮ್ಗೆ ನಾನು ಸತ್ರೂ ಪರ್ವಾಗಿಲ್ಲ, ಮರ ಇದ್ರೆ ಸಾಕು, ನಾ ಸತ್ಮೇಲೆ ಅದ್ರ ಬುಡ್ದಲ್ಲೇ ಊಣ್ರಿ, ಗೊಬ್ರ ಆಯ್ತೀನಿ ಅಂದೆ. ಅವ್ರು ಉಣ್ತಿದ್ದೋರು ತಟ್ಟೆ ಬುಟ್ಟು ಎದ್ದೋದ್ರು."

ಇಷ್ಟು ಕೇಳಿಸಿಕೊಂಡ ಮೇಲಾದರೂ ಮನುಷ್ಯನಾದವನು ಒಂದು ಸ್ಪಾನರ್ ಹಿಡಿದು ಆ ತಾರಸಿ ಹತ್ತಬೇಕಾಗಿತ್ತು. ನಾನು ಏನು ಹೇಳಿದೆ ಗೊತ್ತೇ? "ನೀನ್ ಹೇಳಿದ್ದು ಸರಿಯಾಗೇ ಅದೆ ಕಣಮ್ಮ. ಅವ್ರಿಗೆ ಬುದ್ಧಿ ಬರ್ಬೇಕು."

ಸೆಪ್ಟೆಂಬರಿನಲ್ಲಿ ಕೊನೆಯ ಎಚ್ಚರಿಕೆ ಬಂತು. ಬರುವ ಸೋಮವಾರ ಬೆಳಗ್ಗೆ ಹತ್ತರಿಂದ ಎರಡರವರೆಗೆ ಮೇಲಿನವರು ಅವಳ ಕರೆಗಳನ್ನು ಕಿವಿಗೊಟ್ಟು ಕೇಳುತ್ತಾರೆ. ಅಷ್ಟು ಹೊತ್ತು ಲೈನ್ ಗಟ್ಟಿಯಾಗಿದ್ದರೆ ಕೆಲಸ ಉಂಟು, ಇಲ್ಲದಿದ್ದರೆ ಇಲ್ಲ. ಇದನ್ನು ಸೊಸೆ ಅತ್ತೆಗೆ ಹೇಳಲಿಲ್ಲವಂತೆ, ಗಂಡನಿಗೆ ಹೇಳುವಾಗ ಗೋಡೆಯಾಚೆ ಮುದುಕಿ ಕೇಳಿಸಿಕೊಂಡಳು. ಮಾರನೆಯ ದಿನ ನನಗೆ ಬಂದ ಫೋನ್ ಮುದುಕಿಯದೇ. ಪಕ್ಕದ ಮನೆಯವರ ಕೈಲಿ ನಂಬರ್ ಒತ್ತಿಸಿ ಮಾತಾಡಿದಳು.

"ಮಗ, ಮರ ತಗುದ್ರೆ ಗ್ಯಾರಂಟಿ ಸರಿಯಾಯ್ತದಾ?"

"ಗ್ಯಾರಂಟಿ ಕಣವ್ವ," ಎಂದೆ.

"ಕೊಂಬೆ ಕಡುದ್ರೆ ಸಾಲಲ್ವಾ?"

"ಕೊಂಬೆ ಮತ್ತೆ ಚಿಗುರ್ತದೆ. ಬುಡುಕ್ಕೇ ತಗ್ಸಿ."

 "ಆಯ್ತು ಬುಡು" ಅಂದಳು.

ಶನಿವಾರ ಮರ ಕಡಿಯುವವರು ಬಂದರು. ಯಾವ ಪಕ್ಕಕ್ಕೆ ಕೆಡವಿದರೆ ಡಿಶ್ಶಿಗೆ, ಪೈಪಿಗೆ ತಗುಲುವುದಿಲ್ಲ ಅಂತ ನೋಡಲು ನಾನೂ ಹೋಗಿದ್ದೆ. ಮುದುಕಿ ಸ್ನಾನ ಮಾಡಿ, ಬುಡಕ್ಕೆ ಅರಿಶಿನ ಕುಂಕುಮ ಹಚ್ಚಿ, ಒಂದು ಲೋಟ ಹಾಲು ಹುಯ್ದು ಕೈಮುಗಿದಳು. "ತಪ್ಪಾಯ್ತು ಕಣವ್ವ. ನೀನು ನನ್ ತವ್ರು, ಸರಿ. ಆದ್ರೆ ಅವ್ಳೂ ಒಬ್ರ ಮನೆ ಮಗ್ಳಲ್ವಾ. ಅವ್ಳ ಉಸುರ್ ನಿಂತೋದ್ರೆ ನಾನ್ ಯಾವ್ ಮಕ ಇಟ್ಕಂಡ್ ನಿನ್ ನೆಳ್ಳಲ್ಲಿ ಕೂರ್ಲಿ?" ಎಂದು ಮರಕ್ಕೇ ಹೇಳಿದಳು. ಗರಗಸದ ಮೋಟಾರು ಶುರುವಾದಾಗ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಮರ ಬಿದ್ದಾಗ ಮನೆಯ ಪಾತ್ರೆಗಳು ಅದುರಿದವು, ಬಾಗಿಲು ತೆರೆಯಲಿಲ್ಲ.

ಸೊಸೆ ಎಷ್ಟೋ ತಿಂಗಳ ಮೇಲೆ ನಗುನಗುತ್ತಾ ಓಡಾಡುತ್ತಿದ್ದಳು. ನಾನು ಗಾಡಿ ಸ್ಟಾರ್ಟ್ ಮಾಡುವಾಗ ಓಡಿಬಂದು ಕೇಳಿದಳು. "ಮೇಲ್ ಹತ್ತಿ ಒಂದ್ಸಲ ನೋಡಲ್ವಾ ಅಣ್ಣಾ? ನಂಬರು ಇನ್ನೂ ಎಪ್ಪತ್ತೆಂಟೇ ತೋರಿಸ್ತಾ ಅದೆ."

"ಮರಾನೇ ಹೋಯ್ತಲ್ಲಮ್ಮ, ಇನ್ ಏನ್ ನೋಡೋದು? ಒಂದ್ಸಲ ಆಫ್ ಮಾಡಿ ಆನ್ ಮಾಡು," ಎಂದೆ.

ಏಣಿ ಗಾಡಿಯ ಮೇಲೇ ಇತ್ತು. ಮಂಡ್ಯದಲ್ಲಿ ನೆಂಟರ ಬೀಗರೂಟ, ಮಧ್ಯಾಹ್ನದ ಮೊದಲ ಪಂಕ್ತಿ ತಪ್ಪಿದರೆ ಬಾಡು ಮುಗಿದು ಮೂಳೆ ಉಳಿಯುತ್ತದೆ ಅನ್ನುವ ಚಿಂತೆ ನನಗೆ. ಒಂದು ತುತ್ತು ಬಾಡಿಗಾಗಿ ಹೊರಟುಬಿಟ್ಟೆ. ನಾಚಿಕೆಗೆಟ್ಟ ಜನ್ಮ! ಭಾನುವಾರ ಅವಳು ಎರಡು ಸಲ ಫೋನ್ ಮಾಡಿದಳು. ನಂಬರು ಬದಲಾಗಿಲ್ಲ ಅಂದಳು. ಮಳೆ ಇಲ್ಲ, ಆಕಾಶ ತಿಳಿಯಾಗಿದೆ, ನಾಳೆ ಹೀಗೇ ಇದ್ದರೆ ನಡೆಯುತ್ತದೆ ಅಂತ ನಾನೇ ಧೈರ್ಯ ಹೇಳಿದೆ.

ಸೋಮವಾರ ಬೆಳಗ್ಗೆ ಒಂಬತ್ತೂವರೆಗೆ ಮಳೆ ಹಿಡಿಯಿತು. ಮದ್ದೂರಿನಲ್ಲಿ ಅಂಗಡಿಯವರು ಶಟರ್ ಅರ್ಧ ಇಳಿಸುವಂಥ ಮಳೆ. ನನ್ನ ಕಂಪ್ಯೂಟರಿನಲ್ಲಿ ಎಲ್ಲ ಮನೆಗಳ ಲೈನೂ ಕಾಣುತ್ತದೆ. ಸರಿಯಾಗಿ ಕೂರಿಸಿದ ಮನೆಗಳ ಸಿಗ್ನಲ್ ಅಂಥ ಮಳೆಯಲ್ಲೂ ಕದಲುವುದು ಕಮ್ಮಿ, ಮಳೆಹನಿಯೇ ಅಷ್ಟೇನೂ ತಿನ್ನುವುದಿಲ್ಲ. ಅವಳದು ಮೊದಲೇ ಕೊನೆಯುಸಿರಲ್ಲಿತ್ತು, ಗಾಳಿಗೆ ಡಿಶ್ ಅಲ್ಲಾಡಿದಾಗಲೆಲ್ಲ ಎಪ್ಪತ್ತೆಂಟು ಎಂಬತ್ತೆರಡಾಗುತ್ತಿತ್ತು, ಎಂಬತ್ತಾರಾಗುತ್ತಿತ್ತು, ಹೆಸರೇ ಕೆಂಪಾಗಿ ಲೈನು ಬಿದ್ದುಹೋಗುತ್ತಿತ್ತು, ಮತ್ತೆ ಏಳುತ್ತಿತ್ತು. ಹತ್ತು ಗಂಟೆಯಿಂದ ನಾನು ಅದನ್ನೇ ನೋಡುತ್ತಾ ಕೂತಿದ್ದೆ. ಬೇರೆ ಏನು ಮಾಡಲಿಕ್ಕೂ ಕೈ ಬರಲಿಲ್ಲ. ಮರ ಇಲ್ಲ. ಎಲೆ ಇಲ್ಲ. ಹಾಗಾದರೆ ಇದು ಯಾಕೆ? ಗೊತ್ತಾಗುವುದಕ್ಕೆ ಅಷ್ಟು ಹೊತ್ತು ಬೇಕಾಗಲಿಲ್ಲ.  ಹನ್ನೊಂದು ಮುಕ್ಕಾಲಿಗೆ ಲೈನ್ ಬಿದ್ದಿದ್ದು ಮತ್ತೆ ಅವಳು ಆನ್ ಮಾಡಲೇ ಇಲ್ಲ.

ಮಂಗಳವಾರ ಯಾರೂ ಕರೆಯದೆ ನಾನೇ ಹೋದೆ. ಹಿತ್ತಿಲ ಮೂಲೆ ಬೋಳಾಗಿತ್ತು, ಬೆಳಕು ನೇರವಾಗಿ ಜಗುಲಿಗೆ ಬಂದು ಬೀಳುತ್ತಿತ್ತು. ಮುದುಕಿ ಎದುರಿಗೆ ಕಾಣಲಿಲ್ಲ. ಸೊಸೆ ಬಾಗಿಲಲ್ಲಿ ನಿಂತು ತಾರಸಿಯ ಮೆಟ್ಟಿಲು ತೋರಿಸಿದಳು. ಈ ಸಲ ನಂಬರ್ ಓದಲು ಅವಳು ಜೊತೆಗೆ ಬರಲಿಲ್ಲ. ಮೊಬೈಲನ್ನು ಪ್ಯಾರಾಪೆಟ್ ಮೇಲೆ ನಾನೇ ಒರಗಿಸಿಕೊಂಡು ಬೋಲ್ಟು ಸಡಿಲಿಸಿದೆ.

ಐದು ತಿಂಗಳ ಹಿಂದೆ ತಿರುಗಿಸಬೇಕಾಗಿದ್ದ ಕಡೆಗೆ ಈಗ ತಿರುಗಿಸಿದೆ. ಎಪ್ಪತ್ತೆಂಟು ಹೋಗಿ ಎಂಬತ್ತಮೂರಾಯಿತು, ಎಂಬತ್ತೆಂಟಾಯಿತು, ಲೈನೇ ಸತ್ತುಹೋಯಿತು. ಏಪ್ರಿಲ್‌ನಲ್ಲಿ ಇದನ್ನು ದಾಟಿ ಮುಂದೆ ಹೋಗಲು ನನಗೆ ಪುರುಸೊತ್ತಿರಲಿಲ್ಲ. ಇನ್ನೊಂದು ಗೇಣು ತಿರುಗಿಸುವಷ್ಟರಲ್ಲಿ ಲೈನು ಎದ್ದಿತು. ಎಪ್ಪತ್ತು. ಅರವತ್ತೆರಡು. ಐವತ್ತೇಳು. ಐವತ್ನಾಲ್ಕಕ್ಕೆ ಬಂದು ನಿಂತಿತು. ಆ ದೂರಕ್ಕೆ ಏನು ಬರಬೇಕೋ ಅದು. ಕತ್ತೆತ್ತಿ ನೋಡಿದರೆ ಡಿಶ್ ಈಗ ಪಕ್ಕದ ಮನೆಯ ಬರೀ ತಾರಸಿಯ ಮೇಲಿಂದ ನೋಡುತ್ತಿತ್ತು. ನಡುವೆ ಒಂದು ಗಿಡವೂ ಇಲ್ಲ, ತೆಂಗಿನ ತಲೆಗಳೂ ಕೆಳಗೇ ಇದ್ದವು. ಹುಣಸೆಮರ ಇದ್ದ ಜಾಗ ಪೂರ್ತಿ ಬಲಗಡೆಗೆ ಉಳಿದಿತ್ತು. ಅದು ಇನ್ನೂ ನೂರು ವರ್ಷ ನಿಂತಿದ್ದರೂ ಈ ಮನೆಯ ಸಿಗ್ನಲ್ಲಿಗೆ ಒಂದು ಎಲೆಯೂ ತಗುಲುತ್ತಿರಲಿಲ್ಲ.

ಬೋಲ್ಟು ಬಿಗಿಯುವಾಗ ಹಿಂದೆ ಹೆಜ್ಜೆ ಸದ್ದಾಯಿತು. ಅವಳು.

"ಎಷ್ಟು?" ಎಂದಳು.

"ಐವತ್ನಾಕು."

ಸೊಸೆ ಡಿಶ್ ನೋಡಿದಳು. ಡಿಶ್ ನೋಡುತ್ತಿದ್ದ ಕಡೆ ನೋಡಿದಳು. ಆಮೇಲೆ ಬಲಗಡೆ, ಹಿತ್ತಿಲಿನ ಬೋಳು ಮೂಲೆಯ ಕಡೆ. ಬುದ್ಧಿವಂತೆ ಹುಡುಗಿ, ಅವಳಿಗೆ ಇದನ್ನೆಲ್ಲ ವಿವರಿಸಬೇಕಾಗಿರಲಿಲ್ಲ.

"ಮರ ಆ ಕಡೀಕಿತ್ತಲ್ಲಣ್ಣಾ," ಎಂದಳು.

 ಅವಳು ಬೈಯುತ್ತಾಳೆ, ಚಪ್ಪಲಿ ತೆಗೆಯುತ್ತಾಳೆ ಅಂದುಕೊಂಡಿದ್ದೆ, ತೆಗೆದಿದ್ದರೆ ಎಷ್ಟೋ ವಾಸಿಯಿತ್ತು. ಪ್ಯಾರಾಪೆಟ್ ಹಿಡಿದುಕೊಂಡು ಅಲ್ಲೇ ಕುಕ್ಕರಿಸಿದಳು. ಎದೆಯೊಳಗೆ ಸುಂಯ್ ಸುಂಯ್ ಅನ್ನುವುದು ನನಗೇ ಕೇಳಿಸುತ್ತಿತ್ತು.

"ಈಗ್ ಫೋನ್ ಮಾಡಮ್ಮ ಅವ್ರಿಗೆ. ಲೈನ್ ಸರಿಯಾಯ್ತು ಅಂತ ಏಳು. ಬೇಕಾದ್ರೆ ನಾನೇ ಮಾತಾಡ್ತೀನಿ."

"ನೆನ್ನೇನೇ ನನ್ ಹೆಸ್ರು ತಗುದ್ಬುಟ್ರು. ಬೇರೆಯೋರ್ನ ತಗಂಡಾಯ್ತು. ಹೆಡ್‌ಫೋನು ವಾಪಸ್ ಕಳ್ಸಿ ಅಂದವ್ರೆ." ಉಸಿರೆಳೆದುಕೊಂಡಳು. "ಸೋಮ್ವಾರದಿಂದ ಬಸ್ಸಿಗ್ ಬತ್ತೀನಿ ಅಂತ ನಮ್ ಯಜಮಾನ್ರಿಗೆ ಏಳಿವ್ನಿ."

ನನಗೆ ಆಗ ಮಾಡಲು ಒಂದೇ ಒಂದು ಒಳ್ಳೆಯ ಕೆಲಸ ಉಳಿದಿತ್ತು, ಅದನ್ನಾದರೂ ಮಾಡೋಣ ಅನ್ನಿಸಿತು. "ತಪ್ಪು ನಂದು ಕಣಮ್ಮ. ಕೆಳಗ್ ಹೋಗಿ ಅವ್ವನಿಗೆ ನಾನೇ ಏಳ್ತೀನಿ. ಕಾಲಿಗ್ ಬೀಳ್ತೀನಿ."

ಅವಳು ತಟ್ಟನೆ ತಲೆಯೆತ್ತಿದಳು.

"ಏನಂತ ಏಳ್ತೀರಿ? ಮರದ್ದೇನೂ ತಪ್ಪಿರ್ಲಿಲ್ಲ ಅಂತ್ಲಾ? ಮೂರ್ ತಿಂಗ್ಳು ನಾನು ಅವ್ರಿಗೆ ಏನೇನ್ ಅಂದಿವ್ನಿ ಗೊತ್ತಾ ನಿಮ್ಗೆ? ಅನ್ನದ ತಟ್ಟೆ ಮುಂದೆ ಅಂದಿವ್ನಿ. ಅದೆಲ್ಲ ಸುಳ್ಳಿಗೆ ಅಂದೆ ಅಂತ ಗೊತ್ತಾದ್ರೆ ನಾನು ಆ ಮುಖ ಎಂಗ್ ನೋಡ್ಲಿ? ಬ್ಯಾಡ. ಬಾಯ್ ಮುಚ್ಕಂಡ್ ಓಗಿ."

"ಅವ್ವ ಮರ ಕಳ್ಕಂಡ್ರಲ್ಲಮ್ಮ..."

"ಮರ ಅಡ್ಡ ಬಂದಿತ್ತು ಅಂತಾನಾದ್ರೂ ಇರ್ಲಿ ಅವ್ರಿಗೆ. ಅಷ್ಟೂ ಕಿತ್ಕಬ್ಯಾಡಿ."

ಅಷ್ಟರಲ್ಲಿ ಮೆಟ್ಟಿಲಲ್ಲಿ ಮುದುಕಿಯ ಏದುಸಿರು ಕೇಳಿಸಿತು. ಒಂದು ಕೈಯಲ್ಲಿ ಗೋಡೆ, ಇನ್ನೊಂದು ಕೈಯಲ್ಲಿ ನನಗೆ ಕಾಫಿ ಲೋಟ. ಮೂರು ದಿನದಲ್ಲಿ ಆ ಗಟ್ಟಿ ಮುದುಕಿ ಹಿಂಡಿದ ಬಟ್ಟೆಯ ಹಾಗಾಗಿದ್ದಳು. ಬಲಗಡೆಗೆ ಕಣ್ಣು ಹಾಯಿಸದೆ ಬಂದು ಲೋಟ ಕೊಟ್ಟಳು.

"ಈಗ್ ಸರಿಯಾಯ್ತಾ ಮಗ?"

"ಸರಿಯಾಯ್ತು ಕಣವ್ವ."

"ನೋಡ್ದಾ. ಮರ ಓದ್ಮೇಲೆ ಸರಿಯಾಯ್ತು." ಸೊಸೆಯ ಪಕ್ಕ ಹೋಗಿ ಕೂತು, ಅವಳ ಬೆನ್ನು ಸವರತೊಡಗಿದಳು. ಸೊಸೆ ಮುಖವನ್ನು ಮಂಡಿಯೊಳಗೆ ಹುದುಗಿಸಿಕೊಂಡಳು. "ಮೂರ್ ತಿಂಗ್ಳಿಂದ ಬಾಯ್ ಬಡ್ಕತ್ತಿತ್ತು ಈ ಹೆಣ್ಣು. ನಾನ್ ಮುಂಡೇದು, ಬರ್ದಿರೋ ಹಕ್ಕಿಗ್ ಅಂತ ಅಟ ಮಾಡ್ಕಂಡ್ ಕೂತೆ. ಅವತ್ತೇ ಕಡ್ಸಿದ್ರೆ ಇವತ್ ಇದ್ರ ಕೆಲ್ಸ ಉಳೀತಿತ್ತು. ಅಲ್ವೇನ್ಲಾ? ನಾನೇ ಅಲ್ವಾ ತಡ ಮಾಡಿದ್ದು? ಇದ್ರ ಎದೆಗೆ ನಾನೇ ಕಲ್ಲಾಕ್ದೆ."

ಮುದುಕಿ ನನ್ನ ಮುಖವನ್ನೇ ನೋಡುತ್ತಿದ್ದಳು. ಅಲ್ಲ ಅನ್ನಲಿ ಅಂತ ಕಾಯುತ್ತಿದ್ದಳೋ, ಹೌದು ಅನ್ನಲಿ ಅಂತ ಕಾಯುತ್ತಿದ್ದಳೋ ಗೊತ್ತಾಗಲಿಲ್ಲ. ಸೊಸೆ ಮಂಡಿಯಿಂದ ತಲೆಯೆತ್ತಲಿಲ್ಲ. ನಾನು ಕಾಫಿಯನ್ನು ಪೂರ್ತಿ ಕುಡಿದು ಲೋಟ ಕೆಳಗಿಟ್ಟೆ.

"ಓಗ್ಲಿ ಬುಡವ್ವ," ಎಂದೆ. "ನಿಂಗೇನ್ ಗೊತ್ತಿತ್ತು."